ಜರ್ಮನಿ ಇಂಟರ್ನ್‌ಶಿಪ್‌ಗೆ ಎಚ್‌ಓಡಿಗೆ ರಜೆ ಪತ್ರ: ಹೀಗೆ ಬರೆದರೆ ಸಾಕಾ?

ಮಕ್ಕಂದೂರು_ಮಳೆ

ಎಲ್ಲರಿಗೂ ನಮಸ್ಕಾರ. ನಾನು ಕೊಡಗಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಿವಿಲ್ ಓದುತ್ತಿದ್ದೇನೆ. ವಿಟಿಯು, 2022ರ ಸ್ಕೀಮ್, ಈಗ ಆರನೇ ಸೆಮ್. ಜರ್ಮನಿಯ ಒಂದು ವಿಶ್ವವಿದ್ಯಾಲಯದ ಮಣ್ಣಿನ ಲ್ಯಾಬ್‌ನಲ್ಲಿ 12 ವಾರದ ಇಂಟರ್ನ್‌ಶಿಪ್ ಸಿಕ್ಕಿದೆ. ಮಳೆ ನೀರು ಇಳಿದಂತೆ ಇಳಿಜಾರಿನ ಮಣ್ಣು ಹೇಗೆ ಬಲ ಕಳೆದುಕೊಳ್ಳುತ್ತದೆ ಅನ್ನೋದನ್ನು ಅಳೆಯುವ ಕೆಲಸ. 2018ರ ಆಗಸ್ಟ್‌ನಲ್ಲಿ ನಮ್ಮೂರಲ್ಲಿ ಗುಡ್ಡ ಜಾರಿದ್ದನ್ನು ಕಣ್ಣಾರೆ ನೋಡಿದವನು ನಾನು. ಹಾಗಾಗಿ ಇದನ್ನು ಬಿಡೋಕೆ ಮನಸ್ಸಿಲ್ಲ.

ಎಚ್‌ಓಡಿ ಸರ್‌ಗೆ ಕೊಡಲು ಪತ್ರ ಬರೆದಿದ್ದೇನೆ. ನೋಡಿ ಹೇಳಿ:

> ಮಾನ್ಯರೇ, ತಮ್ಮ ವಿಧೇಯ ವಿದ್ಯಾರ್ಥಿಯಾದ ನಾನು ತಮ್ಮಲ್ಲಿ ಕಳಕಳಿಯಿಂದ ವಿನಂತಿಸಿಕೊಳ್ಳುವುದೇನೆಂದರೆ, ನನಗೆ ಜರ್ಮನಿಯಲ್ಲಿ ಇಂಟರ್ನ್‌ಶಿಪ್ ಮಾಡುವ ಸುವರ್ಣಾವಕಾಶ ಒದಗಿಬಂದಿದೆ. ಇದರಿಂದ ನನ್ನ ಭವಿಷ್ಯ ಉಜ್ವಲವಾಗುವುದಲ್ಲದೆ ನಮ್ಮ ಕಾಲೇಜಿನ ಕೀರ್ತಿಯೂ ಹೆಚ್ಚುತ್ತದೆ. ಆದ್ದರಿಂದ ಮೇ 11ರಿಂದ ಆಗಸ್ಟ್ 2ರವರೆಗೆ ರಜೆ ಮಂಜೂರು ಮಾಡಿ, ಪೂರ್ತಿ ಹಾಜರಿ ನೀಡಬೇಕಾಗಿ ಪ್ರಾರ್ಥಿಸುತ್ತೇನೆ.

ಏನಾದ್ರೂ ಸೇರಿಸಬೇಕಾ?

ಗೋಣಿಕೊಪ್ಪ_ಗಿರಿ

ಮೊದಲು ಕಂಗ್ರಾಟ್ಸ್ ಮಗಾ! ಪತ್ರ ಚೆನ್ನಾಗೇ ಇದೆ. ಎಚ್‌ಓಡಿ ಸೈನ್ ಹಾಕಿದರೆ ಮುಗೀತು. ಓಡಿ ಅಂದ್ರೆ ಆನ್ ಡ್ಯೂಟಿ ಕೊಡ್ತಾರೆ, ಹಾಜರಿ ಪೂರ್ತಿ ಬರುತ್ತೆ. ನನ್ನ ಫ್ರೆಂಡ್ ಹೈದರಾಬಾದ್‌ಗೆ ಹ್ಯಾಕಥಾನ್‌ಗೆ ಹೋಗಿದ್ದ, ಅವನಿಗೂ ಹಾಗೇ ಕೊಟ್ಟರು. ಪತ್ರದಲ್ಲಿ 'ರಜೆ' ಅಂತ ಬರೀಬೇಡ, 'ಓಡಿ' ಅಂತ ಬರಿ ಅಷ್ಟೇ.

ಕರಿಮೆಣಸು

ನನ್ನ ಮಗಳೂ ಜರ್ಮನಿಗೆ ಹೋಗಬೇಕು ಅಂತಿದ್ದಾಳೆ. ಬಿಎಸ್ಸಿ ನರ್ಸಿಂಗ್ ಕೊನೆ ವರ್ಷ. ಏಜೆಂಟ್ ಒಬ್ಬರು ಭಾಷೆ ಕಲಿಸಿ ಕಳಿಸ್ತೀವಿ ಅಂತ ದುಡ್ಡು ಕೇಳ್ತಿದ್ದಾರೆ. ನೀವು ಯಾವ ಏಜೆಂಟ್ ಮೂಲಕ ಹೋಗ್ತಿದ್ದೀರಿ? ಸಂಬಳ ಎಷ್ಟು? ರಜೆ ಪತ್ರಕ್ಕೆ ಅಪ್ಪ ಸೈನ್ ಹಾಕಬೇಕಾ?

ಮಕ್ಕಂದೂರು_ಮಳೆ

ಅಂಕಲ್, ಇದು ಕೆಲಸ ಅಲ್ಲ. ಓದುವಾಗಲೇ ಕೆಲವು ವಾರ ಹೋಗಿ ಬರೋದು. ಏಜೆಂಟ್ ಇಲ್ಲ, ಪ್ರೊಫೆಸರ್‌ಗೆ ನಾನೇ ಮೇಲ್ ಮಾಡಿದ್ದೆ. ಸಂಬಳವೂ ಇಲ್ಲ, ಖರ್ಚಿಗೆ ಅಂತ ಸ್ವಲ್ಪ ಕೊಡ್ತಾರೆ.

ಹಳೇ_ಮೇಷ್ಟ್ರು

ನಾನು 11 ವರ್ಷ ಎಚ್‌ಓಡಿ ಕುರ್ಚಿಯಲ್ಲಿ ಕೂತು ನಿವೃತ್ತನಾದವನು. ಕೊಡಗಿನ ಕಾಲೇಜಲ್ಲ, ಬೇರೆ ಜಿಲ್ಲೆ. ಇಂಥ ಪತ್ರ ಬಹಳ ಓದಿದ್ದೇನೆ. ಸ್ವಲ್ಪ ಕಟುವಾಗಿ ಹೇಳ್ತೀನಿ, ಬೇಜಾರಾಗಬೇಡಪ್ಪ.

ನಿನ್ನ ಪತ್ರ ಓದಿದ ಎಚ್‌ಓಡಿಗೆ ಸಂತೋಷ ಆಗುತ್ತದೆ. ಆದರೆ ಏನೂ ಮಾಡೋಕೆ ಆಗುವುದಿಲ್ಲ. ಯಾಕೆಂದರೆ ನೀನು ಅವರ ಕೈಯಲ್ಲಿ ಇಲ್ಲದ್ದನ್ನು ಕೇಳಿದ್ದೀಯ. ಎರಡು ಮೂರು ದಿನದ ರಜೆ ಅವರು ನೋಡಿಕೊಳ್ಳುತ್ತಾರೆ. ತಿಂಗಳುಗಟ್ಟಲೆ ಅಂದರೆ ಅವರು ಶಿಫಾರಸು ಬರೆದು ಪ್ರಿನ್ಸಿಪಾಲರಿಗೆ ಕಳಿಸಬಹುದು, ಅಷ್ಟೇ. ಹಾಜರಿ 85ಕ್ಕಿಂತ ಕೆಳಗೆ ಹೋದರೆ ಅದು ಪ್ರಿನ್ಸಿಪಾಲರ ಕೈಯಲ್ಲೂ ಇಲ್ಲ. ವಿಟಿಯುನಲ್ಲಿ ಪ್ರತಿ ವಿಷಯಕ್ಕೂ 85 ಶೇಕಡಾ ಬೇಕು. ಅದರ ಕೆಳಗೆ 75ರವರೆಗಿನ ಕೊರತೆಯನ್ನು ಪ್ರಿನ್ಸಿಪಾಲರ ಶಿಫಾರಸಿನ ಮೇಲೆ ಕುಲಪತಿಗಳು ಮನ್ನಾ ಮಾಡಬಹುದು. ಮಾಡಲೇಬೇಕು ಅಂತ ಇಲ್ಲ.

ಗಿರಿ ಹೇಳಿದ ಓಡಿ ಹ್ಯಾಕಥಾನ್‌ಗೆ ಸರಿ. ಎರಡು ದಿನದ ಮಾತು ಅದು. 12 ವಾರಕ್ಕೆ ಯಾವ ಎಚ್‌ಓಡಿಯೂ ಪಾಠ ಕೇಳದವನಿಗೆ 'ಹಾಜರು' ಅಂತ ಬರೆಯುವುದಿಲ್ಲ, ಬರೆಯಲೂಬಾರದು.

ಇದೆಲ್ಲಕ್ಕಿಂತ ದೊಡ್ಡ ತೊಂದರೆ ಒಂದಿದೆ. ನಿನ್ನ ಪತ್ರದಲ್ಲಿ ಪರೀಕ್ಷೆಯ ಬಗ್ಗೆ ಒಂದು ಅಕ್ಷರವೂ ಇಲ್ಲ. ಮೇ 11ಕ್ಕೆ ಹೋಗಿ ಆಗಸ್ಟ್ 2ಕ್ಕೆ ಬಂದರೆ ಆರನೇ ಸೆಮ್‌ನ ಥಿಯರಿ ಪರೀಕ್ಷೆ ಯಾವಾಗ ಬರೀತೀಯ? ನಿಮ್ಮ ಕ್ಯಾಲೆಂಡರ್ ಏನು ಹೇಳುತ್ತೆ, ಅದನ್ನು ಮೊದಲು ಇಲ್ಲಿ ಹಾಕು.

ಮಕ್ಕಂದೂರು_ಮಳೆ

ಸರ್, ತುಂಬಾ ಥ್ಯಾಂಕ್ಸ್. ಡಿಪಾರ್ಟ್‌ಮೆಂಟ್ ನೋಟಿಸ್ ಬೋರ್ಡ್‌ನಲ್ಲಿ ಇರುವುದು ಹೀಗೆ. ತರಗತಿಗಳು ಮೇ 30ಕ್ಕೆ ಮುಗಿಯುತ್ತವೆ. ಜೂನ್ ಮೊದಲ ಎರಡು ವಾರ ಲ್ಯಾಬ್ ಪರೀಕ್ಷೆ. ಥಿಯರಿ ಜೂನ್ 15ರಿಂದ ಜುಲೈ 4, ಆದರೆ 'ತಾತ್ಕಾಲಿಕ' ಅಂತ ಬರೆದಿದೆ. ಏಳನೇ ಸೆಮ್ ಆಗಸ್ಟ್ 17ಕ್ಕೆ ಶುರು.

ಪರೀಕ್ಷೆಯನ್ನು ಬಂದ ಮೇಲೆ ಬೇರೆಯಾಗಿ ಕೊಡಬಹುದು ಅಂದುಕೊಂಡಿದ್ದೆ.

ಹಳೇ_ಮೇಷ್ಟ್ರು

ಒಬ್ಬನಿಗೋಸ್ಕರ ವಿಟಿಯು ಪ್ರಶ್ನೆಪತ್ರಿಕೆ ತೆಗೆಯುವುದಿಲ್ಲಪ್ಪ. ನೀನು ಗೈರಾದರೆ ಗೈರು. ಆರನೇ ಸೆಮ್‌ನ ಅಷ್ಟೂ ಥಿಯರಿ ಬಾಕಿ ಉಳಿಯುತ್ತೆ. ಅದರ ಮೇಲೆ ಎರಡನೇ ಇಂಟರ್ನಲ್ ಟೆಸ್ಟ್ ಬರುವುದು ಸಿಲಬಸ್ ಹೆಚ್ಚುಕಡಿಮೆ ಮುಗಿದ ಮೇಲೆ. ಅಂದರೆ ಮೇ ಕೊನೆಗೆ. ಅದೂ ಹೋಯಿತು. ಇಂಟರ್ನಲ್ 50ಕ್ಕೆ 20 ಬರದಿದ್ದರೆ ಮುಖ್ಯ ಪರೀಕ್ಷೆಗೆ ಕೂರುವ ಹಕ್ಕೇ ಇರುವುದಿಲ್ಲ.

ಹೀಗಾಗಿ ಮೊದಲ ಪತ್ರ ಬರೆಯಬೇಕಾದ್ದು ಎಚ್‌ಓಡಿಗೆ ಅಲ್ಲ. ಜರ್ಮನಿಯ ಪ್ರೊಫೆಸರ್‌ಗೆ. 'ನಮ್ಮ ಪರೀಕ್ಷೆ ಜುಲೈ 4ರವರೆಗೆ ಇದೆ, ಆಮೇಲೆ ಬರಬಹುದಾ? ಎಷ್ಟು ವಾರ ಇದ್ದರೆ ಕೆಲಸ ಆಗುತ್ತೆ?' ಅಂತ ಕೇಳು. ದಿನಾಂಕ ಅವರು ಬದಲಿಸಿದರೆ ಎಚ್‌ಓಡಿ ಪತ್ರದ ಮುಕ್ಕಾಲು ಕಷ್ಟ ಅಲ್ಲೇ ಕರಗುತ್ತೆ. ಅಲ್ಲಿಯವರಿಗೆ ಭಾರತದ ಸೆಮಿಸ್ಟರ್ ಯಾವಾಗ ಮುಗಿಯುತ್ತೆ ಅಂತ ಗೊತ್ತಿರುವುದಿಲ್ಲ. ಕೇಳಿದರೆ ತಪ್ಪು ತಿಳಿಯುವುದಿಲ್ಲ.

ಗೋಣಿಕೊಪ್ಪ_ಗಿರಿ

ಸರ್, ಅಟಾನಮಸ್ ಕಾಲೇಜಾದರೆ ಮೇಕಪ್ ಪರೀಕ್ಷೆ ಇರುತ್ತಲ್ಲ?

ಹಳೇ_ಮೇಷ್ಟ್ರು

ಇರುತ್ತೆ, ಅಲ್ಲಿ ಪರೀಕ್ಷೆ ಕಾಲೇಜಿನದ್ದೇ. ಈ ಹುಡುಗನದ್ದು ಅಟಾನಮಸ್ ಅಂತ ಎಲ್ಲಿ ಹೇಳಿದ್ದಾನೆ?

ಮಕ್ಕಂದೂರು_ಮಳೆ

ಅಲ್ಲ ಸರ್. ಪರೀಕ್ಷೆ ವಿಟಿಯುದ್ದೇ.

ಶನಿವಾರಸಂತೆ_ಸುಮಾ

ನನ್ನದು ಸ್ವಲ್ಪ ಬೇರೆ ಕಥೆ, ಆದರೂ ಹೇಳ್ತೀನಿ. ನಾನು ಹೋಗಿದ್ದು ಇಂಟರ್ನ್‌ಶಿಪ್‌ಗಲ್ಲ, ಎಕ್ಸ್‌ಚೇಂಜ್‌ಗೆ. ಐದನೇ ಸೆಮ್ ಪೂರ್ತಿ ಯುರೋಪಿನ ಒಂದು ವಿಶ್ವವಿದ್ಯಾಲಯದಲ್ಲಿ ಓದಿದೆ. ನಾನೂ ಎಚ್‌ಓಡಿಗೆ ನಿನ್ನ ಹಾಗೇ 'ಒಂದು ಸೆಮಿಸ್ಟರ್ ರಜೆ ಕೊಡಿ' ಅಂತ ಬರೆದಿದ್ದೆ. ಅದೇ ನಾನು ಮಾಡಿದ ದೊಡ್ಡ ತಪ್ಪು.

ಎಕ್ಸ್‌ಚೇಂಜ್‌ಗೆ ಹೋಗುವವರು ರಜೆಯಲ್ಲಿ ಇರುವುದಿಲ್ಲ. ಅಲ್ಲಿ ಓದುತ್ತಿರುತ್ತಾರೆ. ಕೇಳಬೇಕಾದ್ದು ರಜೆಯಲ್ಲ. 'ಅಲ್ಲಿಯ ಈ ವಿಷಯ ಪಾಸಾದರೆ ಇಲ್ಲಿಯ ಈ ವಿಷಯ ಮುಗಿದಂತೆ' ಅಂತ ಮೊದಲೇ ಬರೆಸಿಕೊಳ್ಳಬೇಕು. ಅಲ್ಲಿ ಒಂದು ಸೆಮಿಸ್ಟರ್‌ಗೆ 30 ಕ್ರೆಡಿಟ್ ಲೆಕ್ಕ, ಇಲ್ಲಿಯ ಲೆಕ್ಕ ಬೇರೆ. ನಾನು ಪಟ್ಟಿ ಮಾಡಿ ಸಹಿ ಹಾಕಿಸಿಕೊಳ್ಳದೆ ಹೋದೆ. ವಾಪಸ್ ಬಂದಾಗ ಎಚ್‌ಓಡಿ ಬದಲಾಗಿದ್ದರು. ಹೊಸಬರು ಸಿಲಬಸ್ ಹಿಡಿದು ಕೂತು ಮೂರು ವಿಷಯ ಒಪ್ಪಿದರು, ಎರಡು ಒಪ್ಪಲಿಲ್ಲ. ಆ ಎರಡನ್ನು ಜೂನಿಯರ್‌ಗಳ ಜೊತೆ ಕೂತು ಮತ್ತೆ ಬರೆದೆ. ತಪ್ಪು ಅವರದ್ದಲ್ಲ ಬಿಡಿ, ಕಾಗದದಲ್ಲಿ ಏನೂ ಇರಲಿಲ್ಲ.

ನಿನಗೆ ಕ್ರೆಡಿಟ್ ಬೇಕಾ, ಬರೀ ಅನುಮತಿ ಸಾಕಾ? ಅದನ್ನು ಮೊದಲು ತೀರ್ಮಾನಿಸು. ಎರಡಕ್ಕೂ ಪತ್ರ ಬೇರೆ.

ಹಳೇ_ಮೇಷ್ಟ್ರು

ಸುಮಾ ಸರಿಯಾದ ಪ್ರಶ್ನೆ ಕೇಳಿದ್ದಾರೆ. ನಾನೂ ಅದಕ್ಕೇ ಬರಬೇಕು ಅಂತಿದ್ದೆ.

2022ರ ಸ್ಕೀಮ್‌ನಲ್ಲಿ ಎಂಟನೇ ಸೆಮ್‌ಗೆ ಇಂಟರ್ನ್‌ಶಿಪ್ ಇದ್ದೇ ಇದೆ, 14ರಿಂದ 20 ವಾರ. ಅದಕ್ಕೆ ಕ್ರೆಡಿಟ್ ಉಂಟು. ಸ್ಕೀಮ್ ಪುಸ್ತಕದ ಟಿಪ್ಪಣಿಯಲ್ಲಿ ಇನ್ನೊಂದು ಸಾಲಿದೆ, ಬಹಳ ಜನ ಓದುವುದಿಲ್ಲ. ಆರನೇ ಸೆಮ್ ಆದ ತಕ್ಷಣ ಇಂಟರ್ನ್‌ಶಿಪ್‌ಗೆ ಹೋಗಲು ಅನುಕೂಲವಾಗಲಿ ಅಂತ ಕಾಲೇಜು ಏಳನೇ ಮತ್ತು ಎಂಟನೇ ಸೆಮ್ ಅದಲುಬದಲು ಮಾಡಿಕೊಳ್ಳಬಹುದು. ಹಾಗೆ ಮಾಡಿದರೆ ನಿನಗೆ ರಜೆಯೇ ಬೇಡ. ಅದು ನಿನ್ನ ಸೆಮಿಸ್ಟರ್ರೇ ಆಗುತ್ತೆ.

ಮಕ್ಕಂದೂರು_ಮಳೆ

ಸರ್! ಇದು ಗೊತ್ತೇ ಇರಲಿಲ್ಲ. ಹಾಗಾದ್ರೆ ಇದನ್ನೇ ಕೇಳಲಾ?

ಹಳೇ_ಮೇಷ್ಟ್ರು

ಕೇಳು, ಆದರೆ ಅದನ್ನೇ ನಂಬಿ ಕೂರಬೇಡ. ಎರಡು ತೊಡಕಿದೆ.

ಅದಲುಬದಲು ಮಾಡುವುದು ಕಾಲೇಜು, ವಿದ್ಯಾರ್ಥಿಯಲ್ಲ. ಎಲ್ಲರೂ ಆಗಸ್ಟ್‌ನಲ್ಲಿ ಏಳನೇ ಸೆಮ್ ಪಾಠ ಕೇಳಿದರೆ ನಿನಗೊಬ್ಬನಿಗೆ ಅದನ್ನು ಫೆಬ್ರವರಿಯಲ್ಲಿ ಯಾರು ಪಾಠ ಮಾಡಬೇಕು? ಕನಿಷ್ಠ ಹತ್ತು ಹನ್ನೆರಡು ಜನ ಅದೇ ದಾರಿ ಕೇಳಿದರೆ ಎಚ್‌ಓಡಿ ಯೋಚಿಸಬಹುದು.

ಎರಡನೆಯದು ವಾರಗಳ ಲೆಕ್ಕ. ನಿನ್ನದು 12 ವಾರ, ಬೇಕಾದ್ದು 14. ಹದಿನಾಲ್ಕು ವಾರ ಅಂದರೆ 98 ದಿನ. ಅಲ್ಪಾವಧಿಗೆ ಕೊಡುವ ಷೆಂಗೆನ್ ವೀಸಾದಲ್ಲಿ 180 ದಿನದೊಳಗೆ 90 ದಿನ ಮಾತ್ರ ಇರಬಹುದು. ಇಳಿದ ದಿನ, ಹೊರಟ ದಿನ ಎರಡೂ ಆ ಲೆಕ್ಕಕ್ಕೆ ಸೇರುತ್ತವೆ. ಅದು ದಾಟಿದರೆ ರಾಷ್ಟ್ರೀಯ ವೀಸಾ ಬೇಕು, ಅದಕ್ಕೆ ಬೇರೆ ಕಾಗದ, ಬೇರೆ ಕಾಯುವಿಕೆ.

ಗೋಣಿಕೊಪ್ಪ_ಗಿರಿ

ಹಾಗಾದ್ರೆ ಸುಮ್ನೆ ಎಂಟನೇ ಸೆಮ್‌ವರೆಗೆ ಕಾಯೋದು ಒಳ್ಳೇದಲ್ವಾ? ಇಷ್ಟೆಲ್ಲ ತಲೆನೋವು ಯಾಕೆ?

ಮಕ್ಕಂದೂರು_ಮಳೆ

ಅಣ್ಣ, ಅವರ ಲ್ಯಾಬ್‌ನಲ್ಲಿ ಆ ಪ್ರಯೋಗ ನಡೆಯೋದು ಈ ಬೇಸಿಗೆಗೆ. ಮುಂದಿನ ವರ್ಷ ಹಣ ಇರುತ್ತೋ ಇಲ್ವೋ ಅಂತ ಅವರೇ ಹೇಳಿದ್ದಾರೆ.

ಗೋಣಿಕೊಪ್ಪ_ಗಿರಿ

ಸರಿ. ಆದರೂ ನಾನು ಕಾಯ್ತಿದ್ದೆ.

ಮಕ್ಕಂದೂರು_ಮಳೆ

(ನಾಲ್ಕು ದಿನದ ನಂತರ)

ಪ್ರೊಫೆಸರ್ ಉತ್ತರ ಬಂತು! ಎರಡೇ ಸಾಲು. ಎಂಟು ವಾರಕ್ಕಿಂತ ಕಡಿಮೆ ಆದರೆ ಪ್ರಯೋಗ ಮುಗಿಯುವುದಿಲ್ಲ. ಜುಲೈ 6ರಿಂದ 13ರ ಒಳಗೆ ಯಾವಾಗ ಬಂದರೂ ಸರಿ. ಮೊದಲು ಹಾಗೆ ಕೇಳದೆ ಮೇ 11ಕ್ಕೆ ಹೂಂ ಅಂದಿದ್ದಕ್ಕೆ ನನಗೇ ನಾಚಿಕೆ ಆಯ್ತು.

ಹಳೇ_ಮೇಷ್ಟ್ರು

ಭೇಷ್. ಈಗ ಲೆಕ್ಕ ಹಾಕೋಣ.

ಜುಲೈ 6ಕ್ಕೆ ಶುರು ಮಾಡಿದರೆ ಎಂಟು ವಾರ ಆಗಸ್ಟ್ 30ಕ್ಕೆ ಮುಗಿಯುತ್ತೆ. ಏಳನೇ ಸೆಮ್‌ನ ಮೊದಲ ಎರಡು ವಾರ ತಪ್ಪುತ್ತದೆ. ಜುಲೈ 13ಕ್ಕೆ ಶುರು ಮಾಡಿದರೆ ಸೆಪ್ಟೆಂಬರ್ 6ರವರೆಗೆ, ಅಂದರೆ ಮೂರು ವಾರ ತಪ್ಪುತ್ತದೆ.

ಒಂದು ವಿಷಯಕ್ಕೆ ವಾರಕ್ಕೆ ಮೂರು ತರಗತಿ, 16 ವಾರ ಅಂತಿಟ್ಟುಕೊ. ಒಟ್ಟು 48. ಅದರ 85 ಶೇಕಡಾ ಅಂದರೆ 40.8, ಅಂದರೆ 41 ತರಗತಿಗೆ ಕೂತಿರಬೇಕು. ಏಳು ತಪ್ಪಿಸಬಹುದು. ಎರಡು ವಾರಕ್ಕೆ ಆರು ತಪ್ಪುತ್ತದೆ. ಇಡೀ ಸೆಮ್‌ಗೆ ನಿನ್ನ ಕೈಯಲ್ಲಿ ಉಳಿಯುವುದು ಒಂದೇ ಒಂದು ತರಗತಿ. ಜ್ವರ ಬಂದರೂ ಹೋಗಿ ಕೂರಬೇಕು. ಮೂರು ವಾರ ಆದರೆ ಒಂಬತ್ತು ತಪ್ಪಿ 39ಕ್ಕೆ ನಿಲ್ಲುತ್ತೆ, 81 ಚಿಲ್ಲರೆ. ಆಗ ಮನ್ನಾ ಕೇಳುವುದು ಖಾತ್ರಿ.

ಎಚ್‌ಓಡಿಗೆ ಬೇಕಾದ್ದು ಈ ಲೆಕ್ಕ. 'ಸುವರ್ಣಾವಕಾಶ' ಅಲ್ಲ. ಪ್ರಿನ್ಸಿಪಾಲರು ಅವರನ್ನು ಕರೆದು 'ಎಷ್ಟು ತರಗತಿ ಹೋಗುತ್ತೆ ರೀ? ಪರೀಕ್ಷೆ ಬರೀತಾನಾ? ಇಂಟರ್ನಲ್ಸ್ ಕಥೆ ಏನು?' ಅಂತ ಕೇಳಿದಾಗ ಅವರು ನಿನ್ನ ಪತ್ರ ನೋಡಿಕೊಂಡೇ ಉತ್ತರ ಹೇಳುವಂತಿರಬೇಕು.

ಸೆಮ್‌ನ ಕೊನೆ ತಪ್ಪಿಸುವುದಕ್ಕಿಂತ ಮೊದಲು ತಪ್ಪಿಸುವುದು ಯಾವಾಗಲೂ ಹಗುರ. ಮೊದಲ ಟೆಸ್ಟ್ ಬರುವ ಹೊತ್ತಿಗೆ ಸಿಲಬಸ್‌ನ ಅರ್ಧ ಹತ್ತಿರ ಮುಗಿದಿರಬೇಕು. ಅಷ್ಟರಲ್ಲಿ ನೀನು ಬಂದಿರುತ್ತೀಯ.

ಗೋಣಿಕೊಪ್ಪ_ಗಿರಿ

ಒಂದು ಮರೆತ್ರಿ ಸರ್. ಆಗಸ್ಟ್‌ನಲ್ಲಿ ನಮ್ಮಲ್ಲಿ ಮಳೆ ರಜೆ! ಡಿಸಿ ರಜೆ ಕೊಟ್ಟ ದಿನ ತರಗತಿ ನಡೆಯೋದೇ ಇಲ್ಲ. ಅವನಿಗೆ ಆ ದಿನಗಳು ಲಾಭ.

ಹಳೇ_ಮೇಷ್ಟ್ರು

ಇದು ಒಳ್ಳೆ ಮಾತು, ಅರ್ಧ ನಿಜ. ನಡೆಯದ ತರಗತಿಗೆ ಗೈರು ಇಲ್ಲ. ಆದರೆ ಆಮೇಲೆ ಅದನ್ನು ತುಂಬಿಕೊಡಲು ಭಾನುವಾರವೋ ಸಂಜೆಯೋ ತರಗತಿ ಇಡುತ್ತಾರೆ. ಅದಕ್ಕೆ ಅವನು ಬಂದಿರುತ್ತಾನೆ, ಹಾಗಾಗಿ ಲಾಭವೇ. ಮಳೆ ಎಷ್ಟು ಬರುತ್ತೆ ಅಂತ ಪತ್ರದಲ್ಲಿ ಬರೆಯೋಕಾಗಲ್ಲ, ಅಷ್ಟೇ.

ಟಪಾಲು_ಶಾಖೆ

ಕಾಲೇಜು ಆಫೀಸಿನಲ್ಲಿ ಕೆಲಸ ಮಾಡುವವಳು ನಾನು. ಮೇಷ್ಟ್ರು ಹೇಳಿದ್ದೆಲ್ಲ ಸರಿ, ನಾನು ಕಾಗದದ ಕಡೆಯಿಂದ ಎರಡು ಮಾತು ಹೇಳ್ತೀನಿ.

ಮಕ್ಕಳು ರಜೆ ಪತ್ರ ಮತ್ತು ಎನ್‌ಓಸಿ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ರಜೆ ಪತ್ರ ನೀನು ಬರೆಯುವುದು, ಫೈಲಿನಲ್ಲಿ ಉಳಿಯುವುದು. ಎನ್‌ಓಸಿ ಕಾಲೇಜು ಬರೆಯುವುದು. ಲೆಟರ್‌ಹೆಡ್‌ನಲ್ಲಿ, ಪ್ರಿನ್ಸಿಪಾಲರ ಸಹಿ ಸೀಲಿನೊಂದಿಗೆ, ವೀಸಾಕ್ಕೆ ಹೋಗುವುದು. ಅದರಲ್ಲಿ ಈ ಹುಡುಗ ನಮ್ಮ ವಿದ್ಯಾರ್ಥಿ, ಇಂತಿಂಥ ದಿನಾಂಕಕ್ಕೆ ಹೋಗಲು ನಮ್ಮ ಅಭ್ಯಂತರವಿಲ್ಲ, ವಾಪಸ್ ಬಂದು ಏಳನೇ ಸೆಮ್ ಮುಂದುವರಿಸುತ್ತಾನೆ ಅಂತ ಇರಬೇಕು. ನಿನ್ನ ಪತ್ರದ ಕೊನೆಗೆ 'ಅನುಮತಿ ಸಿಕ್ಕರೆ ಎನ್‌ಓಸಿ ಕೊಡಿಸಬೇಕು' ಅಂತ ಒಂದು ಸಾಲು ಬೇರೆಯಾಗಿ ಹಾಕು. ಇಲ್ಲಾಂದ್ರೆ ಅದಕ್ಕೆ ಇನ್ನೊಂದು ಸುತ್ತು ಓಡಾಟ.

ಈಗ ನಮ್ಮ ಕೊಡಗಿನ ತೊಂದರೆ. ಹೆಸರು! ಇಲ್ಲಿಯ ಮಕ್ಕಳ ಮಾರ್ಕ್ಸ್ ಕಾರ್ಡಿನಲ್ಲಿ ಮನೆತನದ ಹೆಸರು ಒಂದಕ್ಷರ, ಅಪ್ಪನ ಹೆಸರು ಒಂದಕ್ಷರ, ಆಮೇಲೆ ಅವರ ಹೆಸರು. ಪಾಸ್‌ಪೋರ್ಟ್‌ನಲ್ಲಿ ಮನೆತನದ ಹೆಸರು ಪೂರ್ತಿ ಬಿಡಿಸಿ ಸರ್‌ನೇಮ್ ಆಗಿರುತ್ತೆ. ಕೆಲವರಿಗೆ ಅಪ್ಪನ ಹೆಸರೇ ಸರ್‌ನೇಮ್. ನಾವು ಆಫೀಸಿನಲ್ಲಿ ಮಾರ್ಕ್ಸ್ ಕಾರ್ಡ್ ನೋಡಿ ಎನ್‌ಓಸಿ ಟೈಪ್ ಮಾಡಿಬಿಡುತ್ತೇವೆ. ಜರ್ಮನಿಯ ಆಹ್ವಾನ ಪತ್ರ ಪಾಸ್‌ಪೋರ್ಟ್ ಹೆಸರಿನಲ್ಲಿ. ವೀಸಾ ಕೌಂಟರಿನಲ್ಲಿ ಇವರಿಬ್ಬರೂ ಒಬ್ಬರೇನಾ ಅಂತ ಪ್ರಶ್ನೆ ಬರುತ್ತೆ. ಕಳೆದ ವರ್ಷ ಒಬ್ಬ ಹುಡುಗಿ ಬೆಂಗಳೂರಿನಿಂದ ವಾಪಸ್ ಬಂದು ಎನ್‌ಓಸಿ ಮತ್ತೆ ಬರೆಸಿಕೊಂಡು ಹೋದಳು. ಅವಳ ಎನ್‌ಓಸಿ ಟೈಪ್ ಮಾಡಿದ್ದು ನಾನೇ.

ಅದಕ್ಕೆ ಪತ್ರದಲ್ಲಿ ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಹೆಸರು ಬರೆದು, ಪಕ್ಕದಲ್ಲಿ 'ಮಾರ್ಕ್ಸ್ ಕಾರ್ಡಿನಲ್ಲಿ ಹೀಗಿದೆ' ಅಂತಲೂ ಬರಿ, ಯುಎಸ್‌ಎನ್ ಹಾಕು. ಪಾಸ್‌ಪೋರ್ಟ್ ಮೊದಲ ಪುಟದ ಜೆರಾಕ್ಸ್ ಲಗತ್ತಿಸು.

ಪತ್ರ ಎರಡು ಪ್ರತಿ ತಗೊಂಡು ಬಾ. ಒಂದು ಕೊಟ್ಟು, ಇನ್ನೊಂದರ ಮೇಲೆ ಇನ್‌ವರ್ಡ್ ನಂಬರ್ ಹಾಕಿಸಿಕೋ. ಎಚ್‌ಓಡಿ ಟೇಬಲ್ ಮೇಲೆ ಇಟ್ಟು ಬಂದ ಪತ್ರ ಪತ್ರವೇ ಅಲ್ಲ.

ಕರಿಮೆಣಸು

ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಅಪ್ಪ ಸೈನ್ ಹಾಕಬೇಕಾ?

ಟಪಾಲು_ಶಾಖೆ

ಕ್ಷಮಿಸಿ ಸರ್. ಇಂಟರ್ನ್‌ಶಿಪ್‌ಗೆ ನಮ್ಮ ಕಾಲೇಜಿನಲ್ಲಿ ಪೋಷಕರ ಒಪ್ಪಿಗೆ ಪತ್ರ ಬೇರೆಯಾಗಿ ಕೇಳುತ್ತೇವೆ. ವಿದ್ಯಾರ್ಥಿಗೆ 18 ಆಗಿದ್ದರೂ ಕೇಳುತ್ತೇವೆ. ನಿಮ್ಮ ಮಗಳದ್ದು ಓದು ಮುಗಿದ ಮೇಲಿನ ಕೆಲಸ, ಅದಕ್ಕೆ ಕಾಲೇಜಿನ ರಜೆ ಬೇಕಿಲ್ಲ. ಏಜೆಂಟ್ ವಿಚಾರಕ್ಕೆ ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ನರ್ಸಿಂಗ್ ಗೊತ್ತಿರುವವರು ಬರುತ್ತಾರೆ. ಅಲ್ಲಿಯವರೆಗೆ ದುಡ್ಡು ಕೊಡಬೇಡಿ.

ಮಕ್ಕಂದೂರು_ಮಳೆ

ಎಲ್ಲರದ್ದೂ ಸೇರಿಸಿ ಮತ್ತೆ ಬರೆದೆ. ನಮ್ಮ ಕಾಲೇಜಿನಲ್ಲಿ ಇಂಗ್ಲಿಷಲ್ಲಿ ಕೊಡ್ತಾರೆ ಎಲ್ಲರೂ. ನಾನು ಮೊದಲು ಕನ್ನಡದಲ್ಲಿ ಬರೆದುಕೊಂಡೆ, ಹೇಳಬೇಕಾದ್ದು ಸ್ಪಷ್ಟ ಆಗಲಿ ಅಂತ:

> ಇವರಿಗೆ: ಪ್ರಿನ್ಸಿಪಾಲರು. ಮುಖಾಂತರ: ವಿಭಾಗ ಮುಖ್ಯಸ್ಥರು, ಸಿವಿಲ್ ವಿಭಾಗ.
>
> ವಿಷಯ: ಜುಲೈ–ಆಗಸ್ಟ್‌ನಲ್ಲಿ ಎಂಟು ವಾರಗಳ ಸಂಶೋಧನಾ ಇಂಟರ್ನ್‌ಶಿಪ್‌ಗೆ ಅನುಮತಿ ಮತ್ತು ಏಳನೇ ಸೆಮಿಸ್ಟರ್‌ಗೆ ತಡವಾಗಿ ಹಾಜರಾಗುವ ಬಗ್ಗೆ.
>
> ಮಾನ್ಯರೇ, ನಾನು ಆರನೇ ಸೆಮಿಸ್ಟರ್ ಸಿವಿಲ್ ವಿದ್ಯಾರ್ಥಿ. ಜರ್ಮನಿಯ ವಿಶ್ವವಿದ್ಯಾಲಯದ ಮಣ್ಣು ತಂತ್ರಜ್ಞಾನ ಪ್ರಯೋಗಾಲಯ ನನ್ನನ್ನು ಎಂಟು ವಾರಕ್ಕೆ ಆಹ್ವಾನಿಸಿದೆ. ಆಹ್ವಾನ ಪತ್ರ ಲಗತ್ತಿಸಿದೆ. ಆರನೇ ಸೆಮಿಸ್ಟರ್‌ನ ಎಲ್ಲ ತರಗತಿ, ಟೆಸ್ಟ್, ಲ್ಯಾಬ್ ಮತ್ತು ಥಿಯರಿ ಪರೀಕ್ಷೆ ಮುಗಿಸಿಯೇ ಹೊರಡುತ್ತೇನೆ.
>
> ತಾತ್ಕಾಲಿಕ ವೇಳಾಪಟ್ಟಿಯಂತೆ ಪರೀಕ್ಷೆ ಜುಲೈ 4ಕ್ಕೆ ಮುಗಿದರೆ ಇಂಟರ್ನ್‌ಶಿಪ್ ಜುಲೈ 6ರಿಂದ ಆಗಸ್ಟ್ 30. ಆಗ ಏಳನೇ ಸೆಮಿಸ್ಟರ್‌ನ ಎರಡು ವಾರ, ಮೂರು ತರಗತಿಯ ವಿಷಯದಲ್ಲಿ ಆರು ತರಗತಿ ತಪ್ಪುತ್ತವೆ. ಪರೀಕ್ಷೆ ಮುಂದಕ್ಕೆ ಹೋದರೆ ಜುಲೈ 13ರಿಂದ ಸೆಪ್ಟೆಂಬರ್ 6. ಆಗ ಮೂರು ವಾರ, ಒಂಬತ್ತು ತರಗತಿ ತಪ್ಪಿ ಹಾಜರಿ 85ಕ್ಕಿಂತ ಕೆಳಗೆ ಬರುತ್ತದೆ. ಹಾಗಾದಲ್ಲಿ ಕೊರತೆ ಮನ್ನಾಕ್ಕೆ ಶಿಫಾರಸು ಮಾಡಬೇಕೆಂದು ಕೋರುತ್ತೇನೆ.
>
> ತಪ್ಪಿದ ಪಾಠಗಳ ಟಿಪ್ಪಣಿಯನ್ನು ಸಹಪಾಠಿಗಳಿಂದ ಪಡೆದು, ತಪ್ಪಿದ ಲ್ಯಾಬ್‌ಗಳನ್ನು ಸೆಪ್ಟೆಂಬರ್‌ನಲ್ಲಿ ಬೇರೆ ಬ್ಯಾಚಿನೊಂದಿಗೆ ಮಾಡಲು ಸಿದ್ಧನಿದ್ದೇನೆ. ಏಳನೇ ಸೆಮಿಸ್ಟರ್ ಶುಲ್ಕ ಮತ್ತು ನೋಂದಣಿಯನ್ನು ನನ್ನ ತಂದೆ ನಿಗದಿತ ದಿನದೊಳಗೆ ಮಾಡಿಸುತ್ತಾರೆ.
>
> ಅನುಮತಿ ದೊರೆತಲ್ಲಿ ವೀಸಾಕ್ಕಾಗಿ ಎನ್‌ಓಸಿ ಕೊಡಿಸಬೇಕೆಂದು ಕೋರುತ್ತೇನೆ. ಪಾಸ್‌ಪೋರ್ಟ್‌ನಲ್ಲಿ ಮತ್ತು ಮಾರ್ಕ್ಸ್ ಕಾರ್ಡಿನಲ್ಲಿ ನನ್ನ ಹೆಸರು ಬೇರೆ ಬೇರೆ ರೀತಿ ಇದೆ. ಎರಡನ್ನೂ ಕೆಳಗೆ ಬರೆದಿದ್ದೇನೆ.

ಸುಮಾ ಅಕ್ಕ, ಕ್ರೆಡಿಟ್ ಕೇಳಿಲ್ಲ. ಕೇಳಬೇಕಿತ್ತಾ?

ಶನಿವಾರಸಂತೆ_ಸುಮಾ

ಎಂಟು ವಾರಕ್ಕೆ ಕೇಳಿದರೆ ಉತ್ತರ 'ಇಲ್ಲ' ಅಂತ ಬರುತ್ತೆ, ಜೊತೆಗೆ ಫೈಲ್ ಒಂದು ತಿಂಗಳು ನಿಲ್ಲುತ್ತೆ. ಬಿಟ್ಟಿದ್ದೇ ಸರಿ. ಆದರೆ 'ಟಿಪ್ಪಣಿ ಪಡೆದು' ಅನ್ನೋ ಸಾಲು ತೆಗೆ, ಎಲ್ಲರೂ ಬರೆಯೋದೇ ಅದು. ಲ್ಯಾಬ್ ಸಾಲು ಇಟ್ಟುಕೋ.

ಹಳೇ_ಮೇಷ್ಟ್ರು

ನನಗೆ ಟಿಪ್ಪಣಿ ಸಾಲು ಇದ್ದರೂ ತೊಂದರೆಯಿಲ್ಲ. ಮನ್ನಾದ ಮಾತನ್ನು ಈಗಲೇ ಬರೆಯಬೇಕಾ ಅನ್ನುವುದು ನನ್ನ ಅನುಮಾನ. ಕೆಲವು ಎಚ್‌ಓಡಿಗಳು 'ಈಗಲೇ ಶಾರ್ಟೇಜ್ ಕೇಳ್ತಿದ್ದಾನೆ' ಅಂತ ಹಿಂದೆ ಸರಿಯುತ್ತಾರೆ. ನಾನಾಗಿದ್ದರೆ ಮೊದಲೇ ಹೇಳಿದವನನ್ನೇ ನಂಬುತ್ತಿದ್ದೆ. ನಿನ್ನ ಎಚ್‌ಓಡಿ ಎಂಥವರು ಅಂತ ನಿನಗೇ ಗೊತ್ತು.

ಇನ್ನೊಂದು. ಪರೀಕ್ಷೆ ಶನಿವಾರ ಮುಗಿದು ಸೋಮವಾರ ಜರ್ಮನಿಯಲ್ಲಿ ಕೆಲಸ ಅಂತ ಬರೆದಿದ್ದೀಯ. ಮಡಿಕೇರಿಯಿಂದ ಬೆಂಗಳೂರಿಗೇ ಅರ್ಧ ದಿನ ಬೇಕು, ಅದೂ ಜುಲೈ ಮಳೆಯಲ್ಲಿ. ವಿಟಿಯು ಒಂದು ಪೇಪರ್ ಮುಂದೂಡಿದರೆ ಟಿಕೆಟ್ ಹೋಯಿತು. ಜುಲೈ 8ಕ್ಕೆ ಶುರು ಮಾಡ್ತೀನಿ ಅಂತ ಪ್ರೊಫೆಸರ್‌ಗೆ ಕೇಳು. ವೇಳಾಪಟ್ಟಿ ಅಂತಿಮ ಆಗುವವರೆಗೆ ಹಣ ವಾಪಸ್ ಬರದ ಟಿಕೆಟ್ ಮಾಡಿಸಬೇಡ.

ಟಪಾಲು_ಶಾಖೆ

ಎನ್‌ಓಸಿಯಲ್ಲಿ ಎರಡು ದಿನಾಂಕ ಬರೆಯೋಕೆ ಬರಲ್ಲ ಅನ್ನೋದನ್ನೂ ನೆನಪಿಡು. ಪತ್ರದಲ್ಲಿ ಎರಡು ಇರಲಿ, ಅನುಮತಿ ಸಿಗಲಿ. ಎನ್‌ಓಸಿಗೆ ದಿನಾಂಕ ಒಂದೇ. ವೀಸಾ ಅರ್ಜಿ ಹೊರಡುವ ದಿನಕ್ಕಿಂತ ಕನಿಷ್ಠ 15 ದಿನ ಮುಂಚೆ ಕೊಟ್ಟಿರಬೇಕು, ಅಷ್ಟು ಹತ್ತಿರಕ್ಕೆ ಬಿಟ್ಟರೆ ಕಷ್ಟ. ಪರೀಕ್ಷೆ ನಡುವೆ ಬೆಂಗಳೂರಿಗೆ ಓಡಬೇಕಾಗುತ್ತೆ. ಮೇ ತಿಂಗಳಲ್ಲೇ ಕೊಟ್ಟುಬಿಡು.

ಮಕ್ಕಂದೂರು_ಮಳೆ

ಆದರೆ ಮೇನಲ್ಲಿ ವೇಳಾಪಟ್ಟಿ ಅಂತಿಮ ಆಗಿರಲ್ಲವಲ್ಲ ಮೇಡಂ?

ಟಪಾಲು_ಶಾಖೆ

ಅದೇ ಕಷ್ಟ. ಅದಕ್ಕೆ ನನ್ನ ಬಳಿ ಉತ್ತರ ಇಲ್ಲ. ಎನ್‌ಓಸಿಯಲ್ಲಿ ಜುಲೈ 8ರಿಂದ ಸೆಪ್ಟೆಂಬರ್ 6 ಅಂತ ಅಗಲವಾಗಿ ಬರೆಸಿಕೊಂಡವರಿದ್ದಾರೆ. ಆಹ್ವಾನ ಪತ್ರದಲ್ಲೂ ಅದೇ ದಿನಾಂಕ ಇರಬೇಕು, ಅಷ್ಟೇ.

ಮಕ್ಕಂದೂರು_ಮಳೆ

(ಒಂದು ವಾರದ ನಂತರ)

ಪತ್ರ ಕೊಟ್ಟೆ. ಪ್ರೊಫೆಸರ್ ಜುಲೈ 8ಕ್ಕೆ ಒಪ್ಪಿದರು, ಎಂಟು ವಾರಕ್ಕೆ ಸೆಪ್ಟೆಂಬರ್ 1 ಆಗುತ್ತೆ. ಆಹ್ವಾನವನ್ನು ಸೆಪ್ಟೆಂಬರ್ 6ರವರೆಗೆ ಬರೆದುಕೊಟ್ಟಿದ್ದಾರೆ. ಎಚ್‌ಓಡಿ ಸರ್ ಐದು ನಿಮಿಷ ಓದಿದರು. ಮನ್ನಾ ಸಾಲಿನ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು 'ಇದು ಆಮೇಲೆ ನೋಡೋಣ' ಅಂದರು. ಪತ್ರದ ಅಂಚಿನಲ್ಲಿ 'ಶಿಫಾರಸು ಮಾಡಿದೆ. ಪರೀಕ್ಷಾ ವೇಳಾಪಟ್ಟಿ ಬಂದ ಮೇಲೆ ದಿನಾಂಕ ಖಚಿತಪಡಿಸತಕ್ಕದ್ದು' ಅಂತ ಬರೆದು ಸಹಿ ಹಾಕಿದರು. ಇನ್‌ವರ್ಡ್ ನಂಬರ್ ಹಾಕಿಸಿಕೊಂಡಿದ್ದೇನೆ ಮೇಡಂ.

ಅದಲುಬದಲಿನ ವಿಷಯ ಬಾಯಲ್ಲೇ ಕೇಳಿದೆ. ಆ ಟಿಪ್ಪಣಿ ಅವರಿಗೂ ಗೊತ್ತಿತ್ತು. 'ಮುಂದಿನ ಬ್ಯಾಚಿನಲ್ಲಿ ಎಷ್ಟು ಜನ ಹೋಗ್ತೀರಿ ಅಂತ ಪಟ್ಟಿ ತಾ' ಅಂದರು. ಈವರೆಗೆ ಇಬ್ಬರು ಹೆಸರು ಕೊಟ್ಟಿದ್ದಾರೆ.

ಅಮ್ಮನದ್ದು ಒಂದೇ ಪ್ರಶ್ನೆ, ಕೈಲ್ ಮುಹೂರ್ತ ಹಬ್ಬಕ್ಕೆ ಬರ್ತೀಯಾ ಅಂತ. ಸೆಪ್ಟೆಂಬರ್ 3.

ಗೋಣಿಕೊಪ್ಪ_ಗಿರಿ

ಸೆಪ್ಟೆಂಬರ್ 2ರ ಫ್ಲೈಟ್ ನೋಡು ಮಗಾ. ಹಂದಿ ಸಾರು ಎತ್ತಿಟ್ಟಿರ್ತೀವಿ.